ಮೇಲಿನ ಸಾಲು, ಕೆಳಗಿನ ಸಾಲು

ನನಗೆ ಬೋರ್ಡು ಓದುವ ಚಟ. ಬಸ್ಸಿನ ಕಿಟಕಿ ಪಕ್ಕ ಕೂತರೆ ಲಗ್ಗೆರೆಯಿಂದ ಮೆಜೆಸ್ಟಿಕ್‌ವರೆಗೆ ಒಂದು ಬೋರ್ಡನ್ನೂ ಬಿಡುವುದಿಲ್ಲ. ಓದುವುದಷ್ಟೇ ಆದರೆ ಪರವಾಗಿಲ್ಲ, ಬೈಯುವುದೂ ಉಂಟು. ಒತ್ತಕ್ಷರಕ್ಕೆ ಜಾಗವೇ ಬಿಡದೆ ಅದನ್ನು ಕೆಳಗಿನ ಇಂಗ್ಲಿಷ್ ಸಾಲಿನ ನೆತ್ತಿಯ ಮೇಲೆ ಕೂರಿಸಿದವರನ್ನು, ಕನ್ನಡವನ್ನು ಅಗಲಕ್ಕೆ ಎಳೆದು ಹಪ್ಪಳ ಮಾಡಿದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. "ನಿಧಾನಕ್ಕೆ ಬೈಯೇ, ಕಂಡಕ್ಟರ್ ತನಗೇ ಅಂದ್ಕೋತಾನೆ" ಎಂದು ನನ್ನ ಗಂಡ ಆಚೆ ಸೀಟಿಗೆ ಹೋಗಿ ಕೂರುತ್ತಿದ್ದರು.

ಈ ಚಟವೇ ನನ್ನ ಹೊಟ್ಟೆಪಾಡೂ ಆಗಿತ್ತು. ಲಗ್ಗೆರೆಯ ಮುಖ್ಯರಸ್ತೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಮದುವೆ ಕಾರ್ಡು, ಅಂಗಡಿಗಳ ಬೋರ್ಡಿಗೆ ಅಕ್ಷರ ಜೋಡಿಸಿಕೊಡುವುದು, ಎಲ್ಲ ನಾನೇ. ಪಕ್ಕದ್ದು ಇಳಕಲ್ ಸೀರೆಯ ಅಂಗಡಿ. ಬಾಗಲಕೋಟೆ ಕಡೆಯಿಂದ ಬಂದ ಗಂಡ ಹೆಂಡತಿ ನಡೆಸುತ್ತಿದ್ದರು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಕಟ್ಟಡದ ಕೆಲಸಕ್ಕೆ ಬಂದು ಒಂದೊಂದು ರೂಮಿನಲ್ಲಿ ಬಾಡಿಗೆಗಿದ್ದ ಉತ್ತರ ಕರ್ನಾಟಕದವರು, ಇವರೇ ಅವರ ಗಿರಾಕಿಗಳು. ಹೆಸರಿಗೆ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು, ಅಂಗಡಿ ನಡೆಯುತ್ತಿದ್ದದ್ದು ಮಾತ್ರ ಅವರ ಹೆಂಡತಿಯ ಬಾಯಿಯಿಂದ. ಬಂದವರೆಲ್ಲ ಆಕೆಯನ್ನು ಅಕ್ಕಾರು ಅನ್ನುತ್ತಿದ್ದರು. ನಾನು ಅಕ್ಕ ಅನ್ನುತ್ತಿದ್ದೆ. ಬಂದವರ ಊರು ಕೇಳಿ, ತವರು ಕೇಳಿ, ನೀರು ಕೊಟ್ಟು, ಆಮೇಲೆ ಸೀರೆ ಬಿಚ್ಚುತ್ತಿದ್ದರು. ಸೀರೆ ಕೊಳ್ಳದೆ ಹೋದವರಿಗೂ ಬೇಜಾರಿರುತ್ತಿರಲಿಲ್ಲ.

ಮೆಟ್ರೊ ಪೀಣ್ಯಕ್ಕೆ ಬಂದ ಹೊಸತರಲ್ಲಿ ಅವರ ಒಬ್ಬನೇ ಮಗನಿಗೆ ಮದುವೆಯಾಯಿತು. ಮಗ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸದವನು. ಸೊಸೆ ಸೊಲ್ಲಾಪುರದ ಹುಡುಗಿ. ಮನೆಯಲ್ಲಿ ಅಚ್ಚ ಕನ್ನಡ ಆಡಿಕೊಂಡು ಬೆಳೆದವಳು, ಆದರೆ ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಬರೆದದ್ದು ಇಂಗ್ಲಿಷ್ ಮತ್ತು ಮರಾಠಿ. ಕನ್ನಡದ ಒಂದಕ್ಷರವೂ ಓದಲು ಬಾರದು. ಅತ್ತೆಯದು ಇದಕ್ಕೆ ತಿರುಗಾಮುರುಗಾ. ಕನ್ನಡವನ್ನು ಕನ್ನಡಕ ಏರಿಸಿಕೊಂಡು ನಿಧಾನವಾಗಿ, ಜೋರಾಗಿ ಓದುತ್ತಿದ್ದರು. ಇಂಗ್ಲಿಷಿನಲ್ಲಿ ಬಸ್ ನಂಬರಿನ ಆಚೆ ಏನೂ ತಿಳಿಯದು. ಇಬ್ಬರೂ ಮಾತಿಗೆ ಕೂತರೆ ಒಂದೇ ಊರಿನವರಂತೆ ಕೇಳುತ್ತಿತ್ತು. ಒಂದು ಹಾಳೆ ಮುಂದಿಟ್ಟರೆ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಹುಡುಗಿಗೆ ಬೆಂಗಳೂರು ಹೊಸತು, ಅಂಗಡಿ ಹೊಸತು. ಗಿರಾಕಿಗಳು ಬಂದರೆ ಅತ್ತೆಯ ಹತ್ತಿರ ಹೋಗುತ್ತಿದ್ದರು, ಇವಳು ಹಿಂದೆ ನಿಂತು ಬಿಚ್ಚಿದ ಸೀರೆ ಮಡಚುತ್ತಿದ್ದಳು. ಮಡಚಿದ್ದೂ ಮಡಚಿದ್ದೇ. ಎರಡು ತಿಂಗಳಾದ ಮೇಲೆ ಅವಳೇ ಒಂದು ಕೆಲಸ ಹುಡುಕಿಕೊಂಡಳು. ಆಗ ಲಗ್ಗೆರೆಯಲ್ಲಿ ಎಲ್ಲರ ಕೈಗೂ ಟಚ್ ಫೋನು ಬಂದಿತ್ತು. ಅಂಗಡಿಯ ಹೆಸರಿನಲ್ಲಿ ಫೋನಿನಲ್ಲೊಂದು ಪೇಜು ತೆರೆದು, ಹೊಸ ಸೀರೆ ಬಂದಾಗೆಲ್ಲ ಫೋಟೊ ತೆಗೆದು, ಅದರ ಮೇಲೆ ಒಂದು ನಾಲ್ಕು ಸಾಲು ಬರೆದು ಹಾಕತೊಡಗಿದಳು. ಕ್ಯಾಪ್ಷನ್ ಅನ್ನುತ್ತಿದ್ದಳು ಅದಕ್ಕೆ. ಬಾಗಿಲಿಗೆ ಬೆಳಕು ಬೀಳುವ ಹೊತ್ತು ನೋಡಿ ಸೀರೆಯನ್ನು ಹರಡಿ, ಸೆರಗಿನ ಹಲ್ಲುಹಲ್ಲಾದ ತೆನೆಯ ನೇಯ್ಗೆ ಕಾಣುವಂತೆ ಫೋಟೊ ಹಿಡಿಯುತ್ತಿದ್ದಳು. ಆಗ ಅವಳ ಮುಖದಲ್ಲಿ ಒಂದು ಕಳೆ ಬರುತ್ತಿತ್ತು, ನೋಡಲು ಚೆಂದ. ತುಮಕೂರು ರಸ್ತೆಯ ಅಪಾರ್ಟ್‌ಮೆಂಟಿನವರು, ಆಫೀಸಿನ ಹುಡುಗಿಯರು ಪೇಜು ನೋಡಿಕೊಂಡು ಅಂಗಡಿ ಹುಡುಕಿ ಬಂದಾಗ ಅವಳೇ ಮುಂದೆ ಹೋಗಿ ಮಾತಾಡುತ್ತಿದ್ದಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಪೇಜು ಒಂದೇ.

ಅವಳು ಕ್ಯಾಪ್ಷನ್ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡವೂ ಇರಲಿ ಎಂದು ಯಜಮಾನರು ಹೇಳಿದ್ದಕ್ಕೆ, ಇಂಗ್ಲಿಷನ್ನು ನನಗೆ ತೋರಿಸಿ ಕನ್ನಡ ಮಾಡಿಸಿಕೊಂಡು ಹೋಗಿ ಅಡಿಯಲ್ಲಿ ಅಂಟಿಸುತ್ತಿದ್ದಳು. ಕೆಲವು ಸಲ ನನ್ನನ್ನು ಕೇಳದೆ ತಾನೇ ಏನಾದರೂ ಮಾಡುವಳು. ಒಂದು ದಿನ ನೋಡುತ್ತೇನೆ, "ಹೊಸ Ilkal stock ಬಂದಿದೆ, pure cotton, ಇಂದೇ visit ಮಾಡಿ" ಎಂದು ಹಾಕಿದ್ದಾಳೆ. ಕನ್ನಡ ಪದಗಳನ್ನು ಎಲ್ಲಿಂದಲೋ ಎತ್ತಿಕೊಂಡು ಬಂದಿದ್ದಳು, ಪಾಪ.

"ಏನಮ್ಮ ಇದು, ರಸ್ತೆ ತುಂಬ ಹಂಪ್ ಹಾಕಿದೀಯಲ್ಲ" ಅಂದೆ.

"ಹಂಗಂದ್ರ ಏನ್ರೀ ಆಂಟಿ?"

"ಕನ್ನಡ ಓದ್ತಾ ಹೋಗೋ ಕಣ್ಣು ನಿನ್ನ ಇಂಗ್ಲಿಷ್ ಅಕ್ಷರ ಬಂದ ಕಡೆಯೆಲ್ಲ ಬ್ರೇಕ್ ಹಾಕತ್ತೆ. ಮತ್ತೆ ಗೇರ್ ಬದಲಾಯಿಸಬೇಕು. ಒಂದೇ ಸಾಲಲ್ಲಿ ಮೂರು ಸಲ ಗೇರ್ ಹಾಕ್ಸಿದ್ರೆ ಯಾರು ಓದ್ತಾರೆ?"

ಆಮೇಲೆ ಅವಳು ಇನ್ನೊಂದು ಉಪಾಯ ಹೂಡಿದಳು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಳು. ಅದು ಅವಳಿಗೇನೋ ಸಲೀಸು. ಆದರೆ ಅಂಥದನ್ನು ಓದುವಾಗ ಕನ್ನಡ ಶಾಲೆಯಲ್ಲಿ ಕಲಿತವರು ತುಟಿಯಲ್ಲೇ ಗೊಣಗಿಕೊಂಡು, ಯಾವ ಲ, ಯಾವ ಳ ಎಂದು ಊಹಿಸಬೇಕು. ಅಪಾರ್ಟ್‌ಮೆಂಟಿನ ಹಿಂದಿಯವರಿಗಂತೂ ಅದು ಅತ್ತ ಇಂಗ್ಲಿಷೂ ಅಲ್ಲ, ಇತ್ತ ಏನೂ ಅಲ್ಲ. ಇಂಗ್ಲಿಷ್ ಮಾತನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದರೂ ಒಂದು ತೊಂದರೆ ಇದೆ. ಬ್ಲೌಸ್, ಸ್ಟಾಕ್, ಕಾಟನ್ ಎಂದರೆ ಎಲ್ಲರಿಗೂ ಗೊತ್ತು, ಕಣ್ಣು ಜಾರಿಕೊಂಡು ಹೋಗುತ್ತದೆ. 'ಟ್ರೆಡಿಷನಲ್ ಹ್ಯಾಂಡ್‌ಕ್ರಾಫ್ಟೆಡ್ ಕಲೆಕ್ಷನ್' ಎಂದು ಬರೆದರೆ ಒತ್ತುಗಳ ಗುಡ್ಡ ಹತ್ತಿ ಇಳಿದು, ಕೊನೆಗೆ ಏನೂ ಸಿಗುವುದಿಲ್ಲ. ಇದನ್ನೆಲ್ಲ ನಾನು ಅವಳಿಗೆ ಬಹಳ ಉತ್ಸಾಹದಿಂದ ಪಾಠ ಮಾಡುತ್ತಿದ್ದೆ. ಅವಳು ಕೇಳಿಸಿಕೊಳ್ಳುವಳು, ಹೋಗಿ ಮತ್ತೆ ಇಂಗ್ಲಿಷನ್ನೇ ಮೇಲೆ ಹಾಕುವಳು.

"ಅಂಗಡಿ ಬೋರ್ಡಿನಾಗ ಕನ್ನಡ ಮ್ಯಾಲ ಇರಬೇಕಂತ ರೂಲ್ ಐತಿ, ಗೊತ್ತು. ಪೇಜಿಗೆ ಯಾ ರೂಲೂ ಇಲ್ಲಲ್ರೀ ಆಂಟಿ" ಎಂದಳು ಒಮ್ಮೆ. ಆಮೇಲೆ ದನಿ ತಗ್ಗಿಸಿ ಹೇಳಿದಳು, "ಕನ್ನಡ ಮ್ಯಾಲ ಬಂದ್ರ ನಾ ಹಾಕಿದ್ದು ನನಗ ಓದಾಕ ಬರಂಗಿಲ್ರೀ. ಸರಿ ಐತೋ ತಪ್ಪೈತೋ ಹೆಂಗ ಗೊತ್ತಾಗಬೇಕು?"

ನಾನು ತಿರುಗಿ ಲ್ಯಾಮಿನೇಷನ್ ಯಂತ್ರ ಬಿಸಿಗೆ ಹಾಕಿದೆ.

ಪಂಚಮಿ ಬಂತು. ಆ ಕಡೆಯವರಿಗೆ ನಾಗರ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ವರ್ಷವಿಡೀ ಇಲ್ಲಿ ಸಿಮೆಂಟು ಹೊತ್ತವಳೂ, ಹೊಲಿಗೆ ಯಂತ್ರದ ಮುಂದೆ ಕತ್ತು ನೋಯಿಸಿಕೊಂಡವಳೂ ಅವತ್ತು ಉಂಡಿ ತಿನ್ನಲು, ಜೋಕಾಲಿ ಆಡಲು ತವರಿಗೆ ಹೋಗಬೇಕು. ಹೋಗುವಾಗ ಹೊಸ ಸೀರೆ, ಅದಕ್ಕೊಪ್ಪುವ ಖಣದ ಕುಪ್ಪಸ ಬೇಕು. ಹಾಗಾಗಿ ಹಬ್ಬಕ್ಕೆ ಮುಂಚೆ ಅಂಗಡಿಯ ಹಿಂದಿನ ಕೋಣೆಯ ಇಬ್ಬರು ಟೈಲರುಗಳಿಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಕುಪ್ಪಸದ ಬಟ್ಟೆ ತೆಗೆದುಕೊಳ್ಳುವ ಕೊನೆಯ ದಿನವನ್ನು ಅಕ್ಕ ಬಂದವರಿಗೆಲ್ಲ ಬಾಯಲ್ಲೇ ಹೇಳಿ ಕಳಿಸುತ್ತಿದ್ದರು. ಈ ವರ್ಷ ಪೇಜು ಇತ್ತಲ್ಲ, ಅದರಲ್ಲೇ ಹಾಕೋಣ ಎಂದಾಯಿತು. ಗಾರ್ಮೆಂಟ್ಸಿನ ಹುಡುಗಿಯರೆಲ್ಲ ಪೇಜು ನೋಡುತ್ತಿದ್ದರು, ಅಕ್ಕನೂ ಒಪ್ಪಿದರು.

ಸೊಸೆ ಮನಸ್ಸಿಟ್ಟು ಬರೆದಳು. ಕೆಂಪು ಅಂಚಿನ ಇಳಕಲ್ ಸೀರೆಯ ಚೆಂದದ ಫೋಟೊ. ಕ್ಯಾಪ್ಷನ್ನಿನಲ್ಲಿ ಮೊದಲು ಇಂಗ್ಲಿಷ್: ಹಬ್ಬದ ಶುಭಾಶಯ, ಸೀರೆಯ ವರ್ಣನೆ, ಕಡೆಗೆ ಭಾನುವಾರದವರೆಗೆ ಮಾತ್ರ ಹೊಲಿಗೆಗೆ ತೆಗೆದುಕೊಳ್ಳುತ್ತೇವೆ ಎಂಬ ಮಾತು. ಅದರ ಕೆಳಗೆ ಇಷ್ಟೂ ಕನ್ನಡದಲ್ಲಿ. ಕನ್ನಡ ನನ್ನದೇ, ಒಂದು ತಪ್ಪಿಲ್ಲದ ಕನ್ನಡ. ಆದರೆ ಫೋನಿನಲ್ಲಿ ಉದ್ದದ ಕ್ಯಾಪ್ಷನ್ ಪೂರ್ತಿ ಕಾಣುವುದಿಲ್ಲ. ಮೊದಲಿನ ಕೆಲವೇ ಸಾಲು ಕಾಣುತ್ತವೆ, ಆಮೇಲೆ 'ಸೀ ಮೋರ್' ಎಂದು ಬರುತ್ತದೆ. ಅದನ್ನು ಒತ್ತಿದರೆ ಉಳಿದದ್ದು ತೆರೆದುಕೊಳ್ಳುತ್ತದೆ. ಕಂಡದ್ದೆಲ್ಲ ಇಂಗ್ಲಿಷಾದರೆ, ಇಂಗ್ಲಿಷ್ ಬಾರದವರು ಅದನ್ನು ಯಾಕೆ ಒತ್ತುತ್ತಾರೆ? ಫೋಟೊ ನೋಡಿದರು, ಲೈಕ್ ಒತ್ತಿದರು, ಮುಂದೆ ಹೋದರು. ಬಹಳ ಲೈಕ್ ಬಂದಿದೆ ಎಂದು ಹುಡುಗಿ ಕುಣಿದಾಡಿಬಿಟ್ಟಳು.

ಸೋಮವಾರ ಸಂಜೆ ಫ್ಯಾಕ್ಟರಿ ಬಿಟ್ಟ ಹೊತ್ತಿಗೆ ಅಂಗಡಿಯ ಮುಂದೆ ಹೆಣ್ಣುಮಕ್ಕಳ ದಂಡು. ಎಲ್ಲರ ಕೈಯಲ್ಲೂ ಖಣದ ತುಂಡು. ಟೈಲರುಗಳು ಆಗಲೇ ಕೈ ಎತ್ತಿದ್ದರು. "ನಿನ್ನೆಗೇ ಮುಗೀತವಾ" ಎಂದು ಅಕ್ಕ ಒಬ್ಬೊಬ್ಬರಿಗೂ ಹೇಳುತ್ತಿದ್ದದ್ದು ನನ್ನ ಅಂಗಡಿಗೆ ಕೇಳುತ್ತಿತ್ತು. ನಾನು ಎದ್ದು ಹೋದೆ.

ಕಟ್ಟಡದ ಕೆಲಸದ ಹೆಂಗಸೊಬ್ಬಳು ಮುಂದೆ ನಿಂತಿದ್ದಳು. ಕೈಯಲ್ಲಿನ್ನೂ ಸುಣ್ಣದ ಗುರುತು. "ಅಕ್ಕಾರ, ನಮಗ ಗೊತ್ತ ಆಗಲಿಲ್ಲರಿ. ನಮ್ಮ ಮಾತಿನಾಗ ಹಾಕಿದ್ರ ಗೊತ್ತಾಗ್ತಿತ್ತು."

"ಹಾಕಿತ್ತವಾ. ಕೆಳಗ ಇತ್ತು."

"ಕೆಳಗ ಯಾರ್ ನೋಡ್ತಾರ್ರೀ?" ಎಂದಳು ಆಕೆ. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

ಅಕ್ಕ ಬಟ್ಟೆಗಳನ್ನು ತೆಗೆದುಕೊಂಡರು. ಟೈಲರುಗಳನ್ನು ಪುಸಲಾಯಿಸಿ, ತಾವೂ ಹೆಮ್ಮಿಂಗಿಗೆ ಕೂತು, ಆದಷ್ಟನ್ನು ಮುಗಿಸಿಕೊಟ್ಟರು. ಎಲ್ಲವೂ ಆಗಲಿಲ್ಲ. ಆ ಸುಣ್ಣದ ಕೈಯಾಕೆ ಹೊಲಿಯದ ಖಣವನ್ನೇ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಸೊಸೆ ಎಲ್ಲವನ್ನೂ ಹಿಂದಿನಿಂದ ನೋಡುತ್ತ ನಿಂತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತೇನೋ.

ಹೊಲಿಗೆ ಮುಗಿದ ಮರುದಿನ ಬೆಳಿಗ್ಗೆ ಯಜಮಾನರು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. "ಮೇಡಂ, ಆ ಪೇಜಿನ ಕೆಲಸ ನೀವ ನೋಡ್ಕೊಂಡ್ ಬಿಡ್ರಿ. ನಿಮಗ ಎರಡೂ ಬರ್ತೈತಿ. ಹುಡುಗಿಗೆ ತಿಳಿಯಂಗಿಲ್ಲ, ಆಕಿ ಮನ್ಯಾಗ ಇರ್ಲಿ."

ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ದಿನವೂ ನಾಲ್ಕು ಸಾಲು ಕನ್ನಡವನ್ನು ನನಗೆ ಬೇಕಾದ ಹಾಗೆ ಮೇಲೆ ಹಾಕಬಹುದು, ಇಡೀ ಲಗ್ಗೆರೆ ಓದುತ್ತದೆ! ಹೂಂ ಅನ್ನಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಹುಡುಗಿ ಕಂಡಳು. ಮಾವನಿಗೆ ಚಹಾ ತಂದಿದ್ದಳು. ಮಾತು ಕೇಳಿಸಿತ್ತು. ಲೋಟ ಇಟ್ಟು ಹೋದಳು. ಯೋಚಿಸಿ ಹೇಳುತ್ತೇನೆ ಎಂದು ಯಜಮಾನರನ್ನು ಕಳಿಸಿಕೊಟ್ಟೆ.

ಲೋಟ ಒಯ್ಯಲು ಮತ್ತೆ ಬಂದಾಗ ಅವಳು ನಿಂತೇ ಕೇಳಿದಳು, "ಆಂಟಿ, ನಾಳೆ ಪಂಚಮಿಗೆ ಸೊಲ್ಲಾಪುರಕ್ಕ ಹೋಗಾಕತ್ತೀನಿ. ಹೋದಾಕಿ ಅಲ್ಲೇ ಇದ್ದು ಬಿಡ್ಲೇನು ಅನ್ನಸ್ತೈತಿ. ಇಲ್ಲಿ ನಾ ಏನ್ ಮಾಡೂದೈತಿ?"

ಬೈಗುಳದ ಬಾಯಿ ನನ್ನದು, ಸಮಾಧಾನ ಹೇಳಲು ಬರುವುದಿಲ್ಲ. "ಹುಚ್ಚುಹುಚ್ಚಾಗಿ ಮಾತಾಡಬೇಡ, ಲೋಟ ತಗೊಂಡು ಹೋಗು" ಅಂದೆ. ಅವಳು ಹೋದ ಮೇಲೆ ಎದ್ದು ಸೀದಾ ಅಕ್ಕನ ಹತ್ತಿರ ಹೋಗಿ ಅವಳು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ.

ಅಕ್ಕ ಕೈಯಲ್ಲಿದ್ದ ಸೀರೆಯನ್ನು ಮಡಚುತ್ತಲೇ ಕೇಳಿಸಿಕೊಂಡರು. ಮಡಚಿ ಕಪಾಟಿನಲ್ಲಿಟ್ಟು, ಯಜಮಾನರ ಕಡೆ ತಿರುಗಿದರು. "ಪೇಜು ಮೇಡಂಗೂ ಬ್ಯಾಡ, ಯಾರಿಗೂ ಬ್ಯಾಡ. ನನ್ನ ಸೊಸಿ ಶುರು ಮಾಡಿದ್ದು, ನನ್ನ ಸೊಸಿನ ನಡಸ್ತಾಳ." ನನಗೆ ಸ್ವಲ್ಪ ಪೆಚ್ಚಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಆಮೇಲೆ ಅಕ್ಕ ಒಳಗೆ ಕೂಗಿದರು, "ಬಾರವಾ ಇಲ್ಲಿ. ಫೋನ್ ತಗೊಂಡ್ ಬಾ. ನಾವು ಮೂರೂ ಮಂದಿ ನೋಡೂನು, ಜನ ಹೆಂಗ ಓದ್ತಾರ ಅಂತ."

ಅಕ್ಕ ಮಾಡಿದ್ದು ಇಷ್ಟು. ಅಂದು ಬಂದ ಗಿರಾಕಿಗಳ ಕೈಗೆ ಒಬ್ಬೊಬ್ಬರಾಗಿ ಫೋನು ಕೊಟ್ಟರು. "ಇದನ್ನೊಂಚೂರು ನೋಡವಾ" ಎನ್ನುವರು. ನಾವು ಅವರ ಬೆರಳು ನೋಡುತ್ತ ನಿಲ್ಲುವುದು. ಗಾರ್ಮೆಂಟ್ಸಿನ ಹುಡುಗಿ ಇಂಗ್ಲಿಷ್ ಸಾಲುಗಳನ್ನು ಬೆರಳಿನಿಂದ ಹಾಗೇ ಮೇಲಕ್ಕೆ ತಳ್ಳಿದಳು, ಕನ್ನಡ ಬರುವಷ್ಟರಲ್ಲಿ ಪೋಸ್ಟೇ ದಾಟಿಹೋಗಿತ್ತು. ಆಫೀಸಿನ ಹುಡುಗಿ ಇಂಗ್ಲಿಷ್ ಓದಿ ಕನ್ನಡದ ಹತ್ತಿರ ನಿಲ್ಲಿಸಿದಳು. ಬೇರೊಂದು ಅಂಗಡಿಯ, ಕನ್ನಡ ಮೇಲಿದ್ದ ಪೋಸ್ಟು ತೋರಿಸಿದಾಗ ಅವಳು ಬೇಜಾರೇನೂ ಮಾಡಿಕೊಳ್ಳದೆ ಒಂದು ಸಾಲು ಕೆಳಗಿಳಿದು ಇಂಗ್ಲಿಷ್ ಹಿಡಿದಳು. ಆದರೆ ಆ ಪೋಸ್ಟಿನ ಕನ್ನಡ ಒಂದೇ ಸಾಲಿತ್ತು, ಅದಕ್ಕೇ ಇಂಗ್ಲಿಷ್ ಅವಳ ಕಣ್ಣಿಗೆ ಬಿತ್ತು. ಅಂಥವರು ಇನ್ನೂ ಕೆಲವರು ಬಂದರು, ಎಲ್ಲರದೂ ಹೆಚ್ಚುಕಡಿಮೆ ಇದೇ ನಡೆ. ಮೇಲಿನ ಭಾಷೆ ಉದ್ದವಾದರೆ ಕೆಳಗಿನದಕ್ಕೆ ಉಳಿಗಾಲವಿಲ್ಲ, ಅದು ಯಾವುದೇ ಭಾಷೆಯಾಗಲಿ.

ಒಬ್ಬ ಗಿರಾಕಿಯ ಹಳೇ ಫೋನಿನಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಬರುತ್ತಿದ್ದವು. ಅಂಥ ಫೋನುಗಳು ಆಗಿನ್ನೂ ಅಲ್ಲಲ್ಲಿ ಇದ್ದವು. ಅದಕ್ಕೆ ಮುಖ್ಯವಾದ ಮಾತನ್ನು ಫೋಟೊದ ಮೇಲೆಯೇ ಕನ್ನಡದಲ್ಲಿ ಬರೆದುಕೊಡುವುದು ನನ್ನ ಕೆಲಸ ಎಂದಾಯಿತು. ಫೋಟೊದೊಳಗಿನ ಅಕ್ಷರ ಯಾವ ಫೋನಿನಲ್ಲೂ ಕೆಡುವುದಿಲ್ಲ. ಅಲ್ಲಿ ಇಂಗ್ಲಿಷನ್ನು ಒಂದಳತೆ ಚಿಕ್ಕದು ಮಾಡಿದೆ. ಎರಡನ್ನೂ ಒಂದೇ ಅಳತೆಯಲ್ಲಿಟ್ಟರೆ ಇಂಗ್ಲಿಷಿನ ದೊಡ್ಡಕ್ಷರಗಳು ಕೂಗಾಡಿದ ಹಾಗೆ ಕಾಣುತ್ತವೆ, ಕನ್ನಡದ ದುಂಡಕ್ಷರಗಳು ಮುದುಡಿಕೊಂಡಂತೆ ಕಾಣುತ್ತವೆ. ಕನ್ನಡದ ಕೆಳಗೆ ಒತ್ತಕ್ಷರ ಇಳಿದು ಕೂರಲು ಒಂದಿಷ್ಟು ಜಾಗವನ್ನೂ ಬಿಟ್ಟೆ.

ಕ್ಯಾಪ್ಷನ್ನಿಗೆ ಅಕ್ಕ ನಿಯಮ ಮಾಡಿದರು. ಮೊದಲ ಸಾಲು ಕನ್ನಡ, ಚಿಕ್ಕದು, ಏನು ಮತ್ತು ಯಾವಾಗ ಅಷ್ಟೇ. ಎರಡನೇ ಸಾಲು ಇಂಗ್ಲಿಷ್, ಅದೇ ಮಾತು. ಎರಡೂ 'ಸೀ ಮೋರ್' ಬರುವುದಕ್ಕೆ ಮುಂಚೆ ಮುಗಿಯಬೇಕು. ವರ್ಣನೆ ಗಿರ್ಣನೆ ಎಲ್ಲ ಆಮೇಲೆ. ಒಂದು ಸಾಲಿನೊಳಗೆ ಎರಡು ಲಿಪಿ ಬೆರೆಸುವುದು ಬೇಡ ಎಂದು ನಾನು ಸೇರಿಸಿದೆ.

ಹುಡುಗಿ ತಲೆ ತಗ್ಗಿಸಿಕೊಂಡೇ ಇದ್ದಳು. "ಮ್ಯಾಲಿನ ಸಾಲು ನನಗ ಓದಾಕ ಬರೂದಿಲ್ಲ ಅತ್ತಿ."

"ನನಗ ಬರ್ತೈತಲ್ಲ" ಎಂದರು ಅಕ್ಕ. "ನೀ ಒತ್ತು, ನಾ ಓದ್ತೀನಿ. ಕೆಳಗಿನ ಸಾಲು ನೀ ನನಗ ಓದಿ ಹೇಳು. ನನಗೂ ನನ್ನ ಅಂಗಡಿ ಮಾತು ಏನಂತ ಗೊತ್ತಾಗಬೇಕಲ್ಲ."

ನಾನು ಅವಳ ಫೋನಿಗೆ ಕನ್ನಡದ ಕೀಬೋರ್ಡು ಹಾಕಿಕೊಟ್ಟೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವಂಥದ್ದು. ಓದಲು ಬಾರದಿದ್ದರೂ ಕಿವಿಯಿಂದಲೇ ಬರೆಯಬಹುದು. ಪಂಚಮಿಗೆ ಸೊಲ್ಲಾಪುರಕ್ಕೆ ಹೋದವಳು ಹಬ್ಬ ಮುಗಿಯುತ್ತಲೇ ವಾಪಸು ಬಂದಳು, ಒಂದು ಡಬ್ಬಿ ಉಂಡಿ ತಂದಳು.

ಆಮೇಲೆ ದಿನವೂ ಬೆಳಿಗ್ಗೆ ಅಂಗಡಿ ತೆರೆದು, ಕಸ ಗುಡಿಸಿ, ದೀಪ ಹಚ್ಚಿ, ಅತ್ತೆ ಸೊಸೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಸೊಸೆ ಒತ್ತುವಳು. ಅಕ್ಕ ಕನ್ನಡಕ ಏರಿಸಿ ಜೋರಾಗಿ ಓದುವರು. ಕೀಬೋರ್ಡು ಕೆಲವು ಸಲ ತನಗೆ ತೋಚಿದ ಪದ ಹಾಕಿಬಿಡುತ್ತಿತ್ತು. ಆಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಗು ನನ್ನ ಜೆರಾಕ್ಸ್ ಯಂತ್ರದ ಸದ್ದನ್ನೂ ದಾಟಿ ಬರುತ್ತಿತ್ತು. "ಇದು 'ಸ' ಅಲ್ಲವಾ, 'ಷ'. ಇದಕ್ಕ ಹೊಟ್ಟಿ ನೋಡು ಹೆಂಗೈತಿ" ಎನ್ನುತ್ತ ಸೀರೆಯ ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುವರು. ಅತ್ತೆ ಹೇಳಿದ್ದರಿಂದ ಹುಡುಗಿ ಇಂಗ್ಲಿಷನ್ನೂ ಕಡಿಮೆ ಮಾಡಿಕೊಂಡಳು. ಸೆರಗಿನ ತೆನೆಗೆ ಉದ್ದನೆಯ ಇಂಗ್ಲಿಷ್ ವರ್ಣನೆ ಬರೆಯುವ ಬದಲು ತೆನೆ ಎಂದೇ ಬರೆದು ಫೋಟೊದಲ್ಲಿ ಹತ್ತಿರದಿಂದ ತೋರಿಸುತ್ತಿದ್ದಳು. ಅಪಾರ್ಟ್‌ಮೆಂಟಿನ ಹೆಂಗಸರು ಬಂದು 'ತೆನಿ ಇರೋದು ಕೊಡಿ' ಎಂದು ಕೇಳತೊಡಗಿದರು. ಮುಂದಿನ ಹಬ್ಬಕ್ಕೆ ಕುಪ್ಪಸದ ಬಟ್ಟೆಗಳೆಲ್ಲ ಹೊತ್ತಿಗೆ ಸರಿಯಾಗಿ ಬಂದವು. ಆ ಸುಣ್ಣದ ಕೈಯಾಕೆಯೂ ಬಂದಳು. ಅವಳ ಬಟ್ಟೆಯನ್ನು ಸೊಸೆಯೇ ಕೈಚಾಚಿ ತೆಗೆದುಕೊಂಡಳು. ಅವಳು ಹಿಂದೆ ನಿಂತು ಬರೀ ಮಡಚುವುದು ಯಾವಾಗ ನಿಂತಿತು ಎಂದು ನನಗೆ ನೆನಪಿಲ್ಲ.

ಮರುವರ್ಷ ಅವಳು ಬಸುರಿಯಾದಳು. ಸೀಮಂತದ ಕುಬಸ ಮಾಡಿ, ಹಸಿರು ಬಳೆ ಏರಿಸಿ ಬಾಣಂತನಕ್ಕೆ ಸೊಲ್ಲಾಪುರಕ್ಕೆ ಕಳಿಸಿದರು. ಹೋಗುವಾಗ ಪೇಜನ್ನು ನನಗೆ ಒಪ್ಪಿಸಿ ಹೋದಳು, "ಮ್ಯಾಲ ಕನ್ನಡ ಹಾಕೂದು ಮರೀಬ್ಯಾಡ್ರಿ ಆಂಟಿ" ಎಂದು ನನಗೇ ಪಾಠ ಹೇಳಿ! ನಾನು ನಿಯಮ ತಪ್ಪದೆ ನಡೆಸಿದೆ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಅಕ್ಕ ಬೆಳಿಗ್ಗೆ ಮೆಟ್ಟಿಲ ಮೇಲೆ ಒಬ್ಬರೇ ಕೂತು ನಾನು ಹಾಕಿದ್ದನ್ನು ಜೋರಾಗಿ ಓದುತ್ತಿದ್ದರು. ಕೆಳಗಿನ ಸಾಲಿಗೆ ಬಂದಾಗ ಸುಮ್ಮನಾಗುತ್ತಿದ್ದರು. ಬೇಕೆಂದರೆ ನಾನೇ ಓದಿ ಹೇಳಬಹುದಿತ್ತು, ಒಂದೆರಡು ಸಲ ಹೇಳಿದೆ ಕೂಡ. ಆದರೆ ಅವರಿಗೆ ಬೇಕಿದ್ದದ್ದು ನನ್ನ ದನಿಯಲ್ಲ.

ಬಿಡುವಿದ್ದಾಗೆಲ್ಲ ಅಕ್ಕ ಕೌದಿ ಹೊಲಿಯುತ್ತಿದ್ದರು. ತಮ್ಮ ಮದುವೆಯ ಇಳಕಲ್ ಸೀರೆಯನ್ನು, ತಮ್ಮ ಅವ್ವನ ಹಳೇ ಸೀರೆಯನ್ನು ಕತ್ತರಿಸಿ, ತುಂಡಿಗೆ ತುಂಡು ಸೇರಿಸಿ, ಮೊಮ್ಮಗುವಿಗೆ ಹೊದಿಸಲೆಂದು. ಮುಗಿದ ದಿನ ಅದನ್ನು ಬಾಗಿಲ ಬೆಳಕಿಗೆ ಹರಡಿ ನನ್ನನ್ನು ಕರೆದರು.

"ಫೋಟೊ ತಗೀರಿ. ಪೇಜಿಗೆ ಹಾಕೂನು."

"ಕೌದಿ ಮಾರ್ತೀರಾ ಅಕ್ಕ?"

"ಛೇ, ಮಾರೂದಲ್ರೀ. 'ಇದು ಮಾರಾಟಕ್ಕಿಲ್ಲ. ನಿಮ್ಮಿಬ್ಬರ ದಾರಿ ಕಾಯಾಕತ್ತೈತಿ.' ಹಿಂಗ ಬರೀರಿ. ಎರಡೂ ಭಾಷಾದಾಗ." ಕೌದಿಯ ಸುಕ್ಕು ಸರಿಮಾಡಿ ಹೇಳಿದರು, "ಇಂಗ್ಲಿಷ್ ಮ್ಯಾಲ ಹಾಕ್ರಿ."

ನಾನು ಫೋನಿನಿಂದ ತಲೆ ಎತ್ತಿದೆ. "ಏನಕ್ಕಾ, ನೀವ್ ಮಾಡಿದ್ ರೂಲು ನೀವೇ ಮುರೀತೀರಾ?"

"ರೂಲು ಗಿರಾಕಿಗ್ರೀ" ಎಂದರು ಅಕ್ಕ, ಕೌದಿಯ ಮೂಲೆಯೊಂದನ್ನು ಕೈಯಲ್ಲಿ ಸವರುತ್ತ. "ಇದನ್ನ ಓದಾಕಿ ಒಬ್ಬಾಕಿನ. ಆಕಿಗೆ ಮೊದಲ ಕಣ್ಣಿಗೆ ಬಿದ್ದದ್ದು ತಿಳೀಬೇಕು. ಭಾರ ಹೊತ್ಕೊಂಡ್ ಕುಂತಾಕಿ, ಇಂಥಾದ್ರಾಗ ಅಕ್ಷರ ಕೂಡಿಸಿಕೋತ ಕುಂಡ್ರಬಾರದು."

ನಾನು ಹಾಗೇ ಬರೆದೆ. ಕನ್ನಡವನ್ನು ಕೆಳಗೆ ಹಾಕುವಾಗ ನನಗೆ ಮೈ ಉರಿಯದಿದ್ದದ್ದು ಅದೇ ಮೊದಲು. ಕನ್ನಡವನ್ನು ಅಕ್ಕನ ಬಾಯಿಮಾತಿನಲ್ಲಿದ್ದ ಹಾಗೆಯೇ ಬಿಟ್ಟೆ, ಪುಸ್ತಕದ ಕನ್ನಡ ಮಾಡಲಿಲ್ಲ.

ಪೋಸ್ಟು ಹೋದ ಮೇಲೆ ಅಕ್ಕ ಅಂಗಡಿಯೊಳಗೆ ಅತ್ತಿತ್ತ ಸುಳಿದಾಡಿದರು. ಗಿರಾಕಿಯೊಬ್ಬಳಿಗೆ ಸೀರೆ ಬಿಚ್ಚಿ ತೋರಿಸುತ್ತಲೇ ಎರಡು ಸಲ ನನ್ನ ಕಡೆ ನೋಡಿದರು. ಗಿರಾಕಿ ಹೋದಳು. ನಾನೂ ನನ್ನ ಅಂಗಡಿಗೆ ಹೋಗಿ ಯಾರದೋ ಮಾರ್ಕ್ಸ್ ಕಾರ್ಡು ಲ್ಯಾಮಿನೇಟ್ ಮಾಡುತ್ತಿದ್ದಾಗ ಫೋನು ಟಿಂಗ್ ಎಂದಿತು. ನೋಡಿದೆ. ಓದಿದವಳೇ ಎದ್ದು ಓಡಿದೆ, ಕಾರ್ಡು ಯಂತ್ರದೊಳಗೇ ಇತ್ತು.

"ಓದಿ ಹೇಳ್ರಿ" ಎಂದರು ಅಕ್ಕ.

"ನಾನ್ಯಾಕೆ ಓದ್ಲಿ? ನೀವೇ ಓದ್ಕೊಳ್ಳಿ" ಎಂದು ಫೋನನ್ನು ಅವರ ಕೈಗೆ ಕೊಟ್ಟೆ.

ಕೌದಿಯ ಫೋಟೊದ ಕೆಳಗೆ ಸೊಸೆಯ ಉತ್ತರ ಇತ್ತು, ಕನ್ನಡ ಅಕ್ಷರದಲ್ಲಿ. ಅಕ್ಕ ಕನ್ನಡಕ ಏರಿಸಿಕೊಂಡು ಎಂದಿನಂತೆ ನಿಧಾನವಾಗಿ, ಜೋರಾಗಿ ಓದಿದರು:

"ಅತ್ತಿ, ನಾ ಕೆಳಗಿನ ಸಾಲ ಮೊದಲ ಓದಿದೆ."